ಇನ್ನೂರ ಅರವತ್ತಾರು ನೆರಿಗೆ

ಇನ್ನೊಂದು ನೆರಿಗೆ ಮಡಿಚಿ, ಮರದ ಸ್ಕೇಲಿನಿಂದ ಒತ್ತಿ, ಗುಂಡುಸೂಜಿ ಚುಚ್ಚಿ ಮೈತ್ರಿ ಎರಡು ಹೆಜ್ಜೆ ಹಿಂದೆ ಸರಿದಳು. ಬಟ್ಟೆಯಲ್ಲಿದ್ದ ಕೆಂಪು ಅಷ್ಟೂ ಮಾಯವಾಗಿತ್ತು.

"ಎಲ್ಲಿ ಹೋಯ್ತು ಮಾರಾಯ್ತಿ?" ಭೀಮೇಶ್ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಟೇಬಲ್ಲಿನ ಮೇಲೆ ಬಗ್ಗಿದ. "ಈಗಿತ್ತಲ್ಲ!"

"ಒಳಗಿದೆ ಮಾಸ್ಟ್ರೇ. ನೋಡಿ." ಅವಳು ಬಟ್ಟೆಯ ಕೆಳಗಿನ ಅಂಚನ್ನು ಹಿಡಿದು ಬೀಸಣಿಗೆ ಬಿಚ್ಚಿದಂತೆ ಎಳೆದಳು. ಹಸಿರು ನೆರಿಗೆಗಳ ಸಂದಿನಿಂದ ಕೆಂಪು ಭಗ್ಗೆಂದಿತು. ಕೈಬಿಟ್ಟಳು. ಮತ್ತೆ ಎಲ್ಲಾ ಹಸಿರು.

ಭೀಮೇಶ್ ತಾನೂ ಒಂದು ಸಲ ಎಳೆದು ನೋಡಿದ. ಇನ್ನೊಂದು ಸಲ ಎಳೆದ. ಆಮೇಲೆ ಕತ್ತರಿ ಕೆಳಗಿಟ್ಟು, "ರಂಜಿನಕ್ಕಾ, ಬನ್ನಿ ಇಲ್ಲಿ, ನಿಮ್ಮ ಹುಡುಗಿ ಮಾಟ ಕಲ್ತಿದ್ದಾಳೆ" ಎಂದು ಕೂಗಿದ.

ಊರಿನ ಕೋಟೆ ಪ್ರದೇಶದ ಪೂಜಾ ಸಾಮಾನಿನ ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿ ರಂಜಿನಿಯ ವೇಷಭೂಷಣದ ಅಂಗಡಿ. ಶಾಲಾ ವಾರ್ಷಿಕೋತ್ಸವಗಳಿಗೆ ಕೃಷ್ಣನ ಕಿರೀಟ, ಪೊಲೀಸ್ ಟೋಪಿ, ಕರಡಿಯ ತಲೆ ಎಲ್ಲವೂ ಬಾಡಿಗೆಗೆ ಹೋಗುವ ಜಾಗ. ಹಿಂದಿನ ಕೋಣೆಯಲ್ಲಿ ಹೊಲಿಗೆ. ಅಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ: ಬಟ್ಟೆಗೆ ಕತ್ತರಿ ಇಡುವವನು ಮಾಸ್ಟರ್ ಒಬ್ಬನೇ. ಉಳಿದವರು ಅವನು ಕತ್ತರಿಸಿ ಕೊಟ್ಟದ್ದನ್ನು ಹೊಲಿಯಬೇಕು. ರಾಗಿಗುಡ್ಡದಿಂದ ದಿನಾ ಬರುತ್ತಿದ್ದ ಮೈತ್ರಿ ಆ ಕೋಣೆಗೆ ಸೇರಿದಾಗಿನಿಂದ ಮಷೀನಿನ ಮುಂದೆಯೇ ಕೂತವಳು. ಕಿಟಕಿಯ ಪಕ್ಕದ ಉದ್ದನೆಯ ಕಟಿಂಗ್ ಟೇಬಲ್ಲಿನ ಮೇಲೆ ಅವಳ ಕಣ್ಣಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಭೀಮೇಶ್ ತನ್ನದೇ ಅಂಗಡಿ ಹಾಕಲು ಹೊರಟಿದ್ದ. ಟೇಬಲ್ ಖಾಲಿಯಾಗುವುದರಲ್ಲಿತ್ತು.

ರಂಜಿನಿ ಕನ್ನಡಕ ಏರಿಸುತ್ತಾ ಬಂದಳು. ಮೈತ್ರಿ ಮತ್ತೆ ಎಳೆದು ತೋರಿಸಿದಳು.

"ಇದು ಭದ್ರಾವತಿ ಶಿವಪ್ರಸಾದ್ ಮೇಷ್ಟ್ರ ಬಟ್ಟೆ ಅಲ್ವಾ? ಅವ್ರು ಕೇಳಿದ್ದು ಫ್ರಿಲ್ ಲಂಗ."

"ಹೌದಕ್ಕ. ಆದ್ರೆ ಫ್ರಿಲ್ ಹಾಕಿದ್ರೆ ಕೆಂಪು ಹಸಿರು ಎಲ್ಲಾ ಕಲಸಿ ಉಪ್ಪಿನಕಾಯಿ ಆಗುತ್ತೆ. ಪಟ್ಟೆ ನೋಡಿ. ಒಂದಿಂಚು ಹಸಿರು, ಎರಡಿಂಚು ಕೆಂಪು. ಮತ್ತೆ ಒಂದಿಂಚು ಹಸಿರು, ಎರಡಿಂಚು ಕೆಂಪು. ಹಸಿರನ್ನ ಮೇಲೆ ಬಿಟ್ಟು, ಕೆಂಪಿನಲ್ಲಿ ಒಂದಿಂಚು ಹಿಂದಕ್ಕೆ, ಒಂದಿಂಚು ಮುಂದಕ್ಕೆ ಮಡಿಚಿದ್ರೆ ಮುಂದಿನ ಹಸಿರು ಸರಿಯಾಗಿ ಪಕ್ಕಕ್ಕೆ ಬಂದು ಕೂರುತ್ತೆ. ಮೂರಿಂಚು ಬಟ್ಟೆ, ಕಾಣೋದು ಒಂದಿಂಚು. ನಿಂತ್ರೆ ಹಸಿರು ಲಂಗ. ತಿರುಗಿದ್ರೆ ಕೆಂಪು."

ಬಟ್ಟೆಯನ್ನು ಶಿವಪ್ರಸಾದ್ ಮೇಷ್ಟ್ರು ಸ್ಪರ್ಧೆಗೆ ಹೊರಟಿದ್ದ ತಮ್ಮ ಕೋಲಾಟದ ತಂಡಕ್ಕೆಂದೇ ಕೈಮಗ್ಗದಲ್ಲಿ ನೇಯಿಸಿದ್ದರು. ತಂಡದಲ್ಲಿ ಎಂಟು ಹುಡುಗಿಯರು. ನೇಕಾರರು ಮಗ್ಗಕ್ಕೆ ಕಟ್ಟಿದ್ದ ಆ ನೂಲಿನ ಹಾಸನ್ನು ಬಿಚ್ಚಿ ಬೇರೆ ಹಾಸು ಹಾಕಿಬಿಟ್ಟಿದ್ದರು. ಇನ್ನೊಂದು ಗೇಣು ಬೇಕೆಂದರೂ ಸಿಗುವಂತಿರಲಿಲ್ಲ.

ರಂಜಿನಿ ಫೋನಿನಲ್ಲಿ ವಿಡಿಯೊ ಮಾಡಿ ಮೇಷ್ಟ್ರಿಗೆ ಕಳಿಸಿದಳು. ಮೇಷ್ಟ್ರು ತಕ್ಷಣ ವಾಪಸ್ ಕರೆ ಮಾಡಿ ಅಷ್ಟು ಜೋರಾಗಿ ಮಾತಾಡಿದರೆಂದರೆ ಸ್ಪೀಕರ್ ಹಾಕದೆಯೂ ಎಲ್ಲರಿಗೂ ಕೇಳಿಸಿತು. ಅವರಿಗೆ ಅದೇ ಬೇಕಂತೆ. ಅದು ಬಿಟ್ಟು ಬೇರೆ ಏನೂ ಬೇಡವಂತೆ.

ಫೋನಿಟ್ಟು ರಂಜಿನಿ ಮೈತ್ರಿಯ ಕಡೆ ತಿರುಗಿದಳು. "ಕತ್ತರಿ ತಗೋ. ಮಾದರಿಗೆ ಒಂದು ಲಂಗ ನೀನೇ ಕಟ್ ಮಾಡು. ಈ ಆರ್ಡರ್ ದಡ ಮುಟ್ಟಿಸಿದ್ರೆ ಭೀಮೇಶ್ ಹೋದ್ಮೇಲೆ ಟೇಬಲ್ ನಿಂದು. ಮುಟ್ಟಿಸದಿದ್ರೆ ಹೊರಗಿಂದ ಮಾಸ್ಟರ್ ತರ್ತೀನಿ. ಆಮೇಲೆ ಮುಖ ಊದಿಸ್ಕೋಬಾರ್ದು."

"ಊದಿಸ್ಕೊಳಲ್ಲ ಅಕ್ಕ."

"ಈಗ್ಲೇ ಊದಿಸ್ಕೊಂಡಿದ್ದಾಳೆ" ಎಂದ ಭೀಮೇಶ್.

ಭೀಮೇಶನ ಲೆಕ್ಕಗಳೆಲ್ಲ ಅವನ ನಾಲಗೆಯ ಮೇಲಿದ್ದವು. ನೂಲೆಳೆದು ಮುದುಡಿಸುವ ಫ್ರಿಲ್ ಆದರೆ ವೆಲ್ವೆಟ್ಟಿನಂಥ ದಪ್ಪ ಬಟ್ಟೆಗೆ ಸೊಂಟದ ಒಂದೂವರೆಯಷ್ಟು, ಕಾಟನ್ನಿಗೆ ಎರಡರಷ್ಟು, ಜಾರ್ಜೆಟ್ಟು ನೆಟ್ಟು ಆದರೆ ಎರಡೂವರೆಯಿಂದ ಮೂರರಷ್ಟು. ಪಫ್ ತೋಳಿಗೂ ಹಾಗೆಯೇ. ಭುಜದ ಮೇಲೆ ಎಂಟಿಂಚು ಜಾಗಕ್ಕೆ ಹನ್ನೆರಡಿಂಚು ಬಟ್ಟೆ ಮುದುಡಿ ಕೂರಿಸಿದರೆ ಒಂದೂವರೆ. ಬಟ್ಟೆ ಎಷ್ಟು ತೆಳುವೋ ಅಷ್ಟು ಹೆಚ್ಚು ತಿನ್ನುತ್ತೆ ಎನ್ನುತ್ತಿದ್ದ. "ನೆರಿಗೆಗೆ ಯೋಚ್ನೆನೇ ಬೇಡ. ಒಂದಕ್ಕೊಂದು ತಾಗಿಸಿ ಹಾಕಿದ್ರೆ ಎಲ್ಲಾ ಬಟ್ಟೆಗೂ ಮೂರರಷ್ಟು. ಸೊಂಟ ಇಂಟು ಮೂರು. ಮುಗೀತು."

ಮೈತ್ರಿ ಹಾಗೆಯೇ ಮಾಡಿದಳು. ಅಂಗಡಿಯ ಗೊಂಬೆಯ ಸೊಂಟ ಇಪ್ಪತ್ತೆಂಟು ಇಂಚು. ಮೂರರಷ್ಟೆಂದರೆ ಎಂಬತ್ತನಾಲ್ಕು. ಬಟ್ಟೆಯ ಅಗಲದಲ್ಲಿ ಎರಡೂ ಅಂಚಿಗೆ ಹೊಲಿಗೆಗೆಂದು ಒಂದೊಂದಿಂಚು ಬಿಟ್ಟರೆ ಹದಿನಾಲ್ಕು ಹಸಿರು ಪಟ್ಟೆ ಸಿಗುತ್ತಿದ್ದವು. ಒಂದು ಪಟ್ಟೆಗೆ ಒಂದು ನೆರಿಗೆ. ಎರಡು ತುಂಡು ಜೋಡಿಸಿದರೆ ಇಪ್ಪತ್ತೆಂಟು ನೆರಿಗೆ, ಎಂಬತ್ತನಾಲ್ಕು ಇಂಚು, ಸೂಜಿಯ ಮೊನೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಲಂಗದ ಉದ್ದ ಮೂವತ್ತಾರು, ಕೆಳಗಿನ ಮಡಿಕೆಗೆ ಮೂರು, ಮೇಲಿನ ಹೊಲಿಗೆಗೆ ಒಂದು. ನಲವತ್ತು ನಲವತ್ತು ಇಂಚಿನ ಎರಡು ತುಂಡುಗಳಿಗೆ ಅವಳು ಮೊದಲ ಸಲ ಕತ್ತರಿ ಇಟ್ಟಳು. ಕತ್ತರಿ ಬಟ್ಟೆಯೊಳಗೆ ನೀರಿನಲ್ಲಿ ಹೋದಂತೆ ಹೋಯಿತು. ಇಷ್ಟು ದಿನ ಇದಕ್ಕೇ ಇಷ್ಟೊಂದು ಹೆದರಿದ್ದೆನಾ ಅನ್ನಿಸಿತು.

ಹೊಲಿದು, ಇಸ್ತ್ರಿ ಹಾಕಿ, ಗೊಂಬೆಗೆ ತೊಡಿಸಿದಾಗ ಹೆದರಬೇಕಾಗಿತ್ತು ಎನ್ನುವುದು ಗೊತ್ತಾಯಿತು.

ಸೊಂಟಪಟ್ಟಿಯ ಹತ್ತಿರ ಹಸಿರು ಹಸಿರಾಗಿತ್ತು. ಅದರ ಕೆಳಗೆ ಒಂದೊಂದು ನೆರಿಗೆಯ ಪಕ್ಕದಲ್ಲೂ ಕೆಂಪು ಗೆರೆಯೊಂದು ಹುಟ್ಟಿ, ಕೆಳಗಿಳಿದಂತೆ ಅಗಲವಾಗುತ್ತಾ ಬಂದು, ಪೃಷ್ಠದ ಮೇಲೆ ಕಾಲಿಂಚಿಗಿಂತ ದಪ್ಪವಾಗಿತ್ತು. ನಿಂತ ಗೊಂಬೆಯೇ ಹಲ್ಲು ಕಿರಿಯುತ್ತಿತ್ತು.

"ಇದೇನು, ತಿರುಗೋ ಮುಂಚೆನೇ ಗುಟ್ಟು ರಟ್ಟಾಯ್ತಲ್ಲ" ಎಂದಳು ರಂಜಿನಿ.

ಭೀಮೇಶ್ ಗೊಂಬೆಯನ್ನು ಒಂದು ಸುತ್ತು ಸುತ್ತಿದ. "ಇಸ್ತ್ರಿ ಸರಿಯಾಗಿ ಕೂತಿಲ್ಲ."

ಇಸ್ತ್ರಿ ಸರಿಯಾಗಿಯೇ ಕೂತಿತ್ತು. ಮೈತ್ರಿ ಟೇಪು ತಂದು ಗೊಂಬೆಯ ಪೃಷ್ಠದ ಸುತ್ತ ಹಿಡಿದಳು. ಮೂವತ್ತಾರು. ಸೊಂಟಕ್ಕೂ ಅದಕ್ಕೂ ಎಂಟಿಂಚಿನ ವ್ಯತ್ಯಾಸ. ಇಪ್ಪತ್ತೆಂಟು ನೆರಿಗೆಗಳು ಮೂವತ್ತಾರು ಇಂಚು ಮುಚ್ಚಬೇಕಾದರೆ ಒಂದೊಂದೂ ಕಾಲಿಂಚಿಗಿಂತ ಜಾಸ್ತಿ ಬಾಯಿ ಬಿಡದೆ ಇನ್ನೇನು ಮಾಡೀತು?

"ಮಾಸ್ಟ್ರೇ, ನಮ್ಮದು ಫ್ರಿಲ್ ಲೆಕ್ಕ" ಎಂದಳು. ಬೇಜಾರಾಗಬೇಕಿತ್ತು. ಅದಕ್ಕೆ ಬದಲು ಅವಳ ದನಿಯಲ್ಲಿ ಏನೋ ಪತ್ತೆಹಚ್ಚಿದ ಹುರುಪಿತ್ತು. "ಫ್ರಿಲ್ ಆದ್ರೆ ಸೊಂಟದಿಂದ ಕೆಳಗೆ ಬಟ್ಟೆ ಹೇಗೆ ಬೇಕಾದ್ರೂ ಹರಡಿಕೊಳ್ಳುತ್ತೆ, ಎಲ್ಲಿ ಬಾಯಿ ಬಿಟ್ರೂ ಯಾರಿಗೂ ಗೊತ್ತಾಗಲ್ಲ. ನೆರಿಗೆ ಮುಚ್ಚಿಕೊಂಡೇ ಇರ್ಬೇಕು ಅಂದ್ರೆ ಮೈ ಎಲ್ಲಿ ಎಲ್ಲಕ್ಕಿಂತ ಅಗಲವೋ ಅಲ್ಲಿಗೆ ಲೆಕ್ಕ ಹಾಕ್ಬೇಕು. ಮೂವತ್ತಾರು ಇಂಟು ಮೂರು. ಮೂವತ್ತಾರು ನೆರಿಗೆ."

"ನಾನು ಹೊಲಿದಿರೋ ಯೂನಿಫಾರಂ ಲಂಗಗಳೆಲ್ಲ ಬಾಯಿ ಬಿಟ್ಕೊಂಡೇ ಇದ್ವು ಅನ್ನು" ಎಂದ ಭೀಮೇಶ್.

"ಒಂದೇ ಬಣ್ಣ ಅಲ್ವಾ. ಯಾರು ನೋಡ್ತಾರೆ?"

"ಹಂಗಾದ್ರೆ ನಂದೇನೂ ತಪ್ಪಿಲ್ಲ ಬಿಡು."

ರಂಜಿನಿ ಆಗಲೇ ಬೇರೆ ಲೆಕ್ಕದಲ್ಲಿದ್ದಳು. ಒಂದು ಲಂಗಕ್ಕೆ ಎರಡು ತುಂಡೆಂದು ಎಂಟು ಲಂಗಕ್ಕೆ ಸರಿಯಾಗಿ ಹದಿನಾರು ತುಂಡಿನ ಬಟ್ಟೆಯಿತ್ತು. ಈಗ ಒಂದಕ್ಕೆ ಎರಡೂವರೆ ತುಂಡು ಬೇಕೆಂದಾದರೆ ಆರಕ್ಕೇ ಬಟ್ಟೆ ಮುಗಿಯುತ್ತದೆ.

"ನೆರಿಗೆಯ ಆಳ ಕಮ್ಮಿ ಮಾಡಿದ್ರೆ?"

"ಆಳ ಕಮ್ಮಿಯಾದ್ರೆ ಕೆಂಪು ಪೂರ್ತಿ ಒಳಗೆ ಹೋಗಲ್ಲ ಅಕ್ಕ. ಈ ಪಟ್ಟೆಗೆ ಮೂರರಷ್ಟೇ ಆಗ್ಬೇಕು. ಎರಡೂವರೆ ಅಂದ್ರೆ ಎರಡು ಬಣ್ಣದ ಲಂಗ, ಅಷ್ಟೇ."

"ಮತ್ತೆ ಏನ್ ಮಾಡ್ತೀಯ?"

"ಹುಡುಗೀರ ಅಳತೆ ತಗೋತೀನಿ. ಗೊಂಬೆ ಕುಣಿಯಲ್ವಲ್ಲ."

ಮಾರನೆಯ ದಿನ ಅವಳು ಭದ್ರಾವತಿ ಬಸ್ಸಿನಲ್ಲಿದ್ದಳು. ಕಿಟಕಿ ಪಕ್ಕದ ಸೀಟು ಸಿಕ್ಕರೂ ಹೊರಗೆ ನೋಡಲಿಲ್ಲ. ಎದುರಿಗೆ ನಿಂತಿದ್ದ ಹೆಂಗಸಿನ ಸೀರೆಯ ನೆರಿಗೆಗಳನ್ನೇ ಎಣಿಸುತ್ತಿದ್ದಳು. ಆ ಹೆಂಗಸು ಎರಡು ಸಲ ಸೆರಗು ಸರಿಪಡಿಸಿಕೊಂಡು, ಮೂರನೆಯ ಸಲ "ಏನಮ್ಮ, ಏನಾದ್ರೂ ಹತ್ಕೊಂಡಿದೆಯಾ?" ಎಂದು ಕೇಳಿಯೇಬಿಟ್ಟಳು.

ಪೇಪರ್ ಟೌನ್ ಬಡಾವಣೆಯ ಹಳೆಯ ಸಭಾ ಹಾಲಿನಲ್ಲಿ ತಂಡದ ಅಭ್ಯಾಸ ನಡೆದಿತ್ತು. ಎಂಟೂ ಜನ ಕಾಲೇಜು ಹುಡುಗಿಯರು. ಇಬ್ಬಿಬ್ಬರ ಜೋಡಿಯಾಗಿ ಕೋಲು ಹೊಡೆದು, ತಿರುಗಿ, ಮುಂದಿನ ಜೋಡಿಗೆ ಹೋಗಿ ಮತ್ತೆ ಹೊಡೆಯುತ್ತಿದ್ದರು. ಅವರಲ್ಲಿ ಒಬ್ಬಳು ಸಿರಿ. ಎಲ್ಲರಿಗಿಂತ ಗಟ್ಟಿಮುಟ್ಟಾದವಳು. ಅವಳು ತಿರುಗಿದಾಗ ಹಾಲಿನ ಆ ಮೂಲೆಯ ಗಾಳಿಯೇ ಬೇರೆಯಾಗುತ್ತಿತ್ತು. ಉಳಿದವರು ತಿರುಗಿ ನಿಲ್ಲುತ್ತಿದ್ದರು. ಸಿರಿ ನಿಲ್ಲುತ್ತಾಳೋ ಇಲ್ಲವೋ ಎಂದು ನೋಡುವವರಿಗೆ ಅನ್ನಿಸುವಷ್ಟು ಹೊತ್ತು ತಿರುಗಿ, ಕೊನೆಯ ಪೆಟ್ಟಿಗೆ ಸರಿಯಾಗಿ ಕೋಲು ತಂದು ಹೊಡೆಯುತ್ತಿದ್ದಳು.

ಮೈತ್ರಿ ಒಬ್ಬೊಬ್ಬರನ್ನೇ ಕರೆದು, ಒಂದಿಂಚು ಸಡಿಲ ಸೇರಿಸಿ, ಪೃಷ್ಠದ ಅಳತೆ ಬರೆದುಕೊಂಡಳು. ಸಿರಿಯ ಸರದಿ ಬಂದಾಗ ಅವಳು ಎರಡೂ ಕೈ ಮೇಲೆತ್ತಿ, "ಜೋರಾಗಿ ಹೇಳ್ಬೇಡಿ ಅಕ್ಕ, ಭೂಮಿಕಾಗೆ ಕೇಳಿದ್ರೆ ಹಾಡು ಕಟ್ತಾಳೆ" ಎಂದಳು.

"ನನಗೆ ಟೇಪೇ ಬೇಡ, ಕಣ್ಣಲ್ಲೇ ಗೊತ್ತು" ಎಂದು ಆ ಕಡೆಯಿಂದ ಭೂಮಿಕಾ ಕೂಗಿದಳು. "ಮೂವತ್ತೆಂಟು!"

"ಮೂವತ್ತೆಂಟೇ" ಎಂದಳು ಮೈತ್ರಿ. ಭೂಮಿಕಾಳದ್ದು ಮೂವತ್ತಾರು. ಉಳಿದವರದ್ದು ಮೂವತ್ತೊಂದರಿಂದ ಮೂವತ್ತನಾಲ್ಕರೊಳಗೆ.

ಮತ್ತೆ ಅಭ್ಯಾಸ ಶುರುವಾಯಿತು. ಎಲ್ಲರೂ ಚೂಡಿದಾರದ ಮೇಲೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದರು. ಮೈತ್ರಿ ಹಾಲಿನ ಕಟ್ಟೆಯ ಮೇಲೆ ಕೂತು ನೋಡಿದಳು. ತಿರುಗಿದಾಗ ಏಳುವುದು ಕೆಳಗಿನ ಬಟ್ಟೆ. ದುಪಟ್ಟಾ ಕಟ್ಟಿದ ಜಾಗ, ಸೊಂಟದಿಂದ ಕೆಳಗೆ ಸುಮಾರು ಒಂದು ಗೇಣು, ಎಷ್ಟು ತಿರುಗಿದರೂ ಮೈಗೆ ಅಂಟಿಕೊಂಡೇ ಇರುತ್ತಿತ್ತು. ಅಲ್ಲಿ ನೆರಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹಾಗಾದರೆ ಅಲ್ಲಿ ನೆರಿಗೆ ಯಾಕೆ?

ಅವಳು ಕೂತಲ್ಲೇ ನೆಟ್ಟಗಾದಳು. ಸೊಂಟದಿಂದ ಎಂಟಿಂಚು ಸಾದಾ ಹಸಿರು ಬಟ್ಟೆಯ ಯೋಕ್. ಅಗಲವಾದ ಪಟ್ಟಿಯಂತೆ, ಮೈಗೆ ಸರಿಯಾಗಿ ಕೂರುವ ಹಾಗೆ. ಹಸಿರು ಕಾಟನ್ ಎಲ್ಲಿ ಬೇಕಾದರೂ ಸಿಗುತ್ತದೆ. ನೆರಿಗೆ ಶುರುವಾಗುವುದೇ ಆ ಯೋಕಿನ ಕೆಳಗಿನ ಅಂಚಿನಿಂದ, ಮೈ ಎಲ್ಲಕ್ಕಿಂತ ಅಗಲವಾದ ಕಡೆಯಿಂದ. ಆಗ ಪಟ್ಟೆ ಬಟ್ಟೆ ನಲವತ್ತು ಇಂಚು ಉದ್ದ ಬೇಕಾಗಿಲ್ಲ. ಮೂವತ್ತೆರಡು ಸಾಕು. ಉದ್ದದಲ್ಲಿ ಉಳಿದದ್ದು ಅಗಲಕ್ಕೆ ಬರುತ್ತದೆ!

ಮೊಬೈಲ್ ತೆಗೆದು ಲೆಕ್ಕ ಹಾಕಿದಳು. ಉಳಿದ ಬಟ್ಟೆಯಲ್ಲಿ ಮೂವತ್ತೆರಡು ಇಂಚಿನ ಹದಿನೇಳು ತುಂಡು. ಮಾದರಿ ಲಂಗ ಬಿಚ್ಚಿದರೆ ಇನ್ನೆರಡು. ಹತ್ತೊಂಬತ್ತು. ಮಾದರಿಯನ್ನು ಕತ್ತರಿಸುವ ಮೊದಲೇ ಈ ಬುದ್ಧಿ ಬಂದಿದ್ದರೆ ಸರಿಯಾಗಿ ಇಪ್ಪತ್ತು ಸಿಗುತ್ತಿತ್ತು. ಬರಲಿಲ್ಲ. ಒಂದು ತುಂಡಿಗೆ ಹದಿನಾಲ್ಕು ನೆರಿಗೆ. ಒಟ್ಟು ಇನ್ನೂರ ಅರವತ್ತಾರು ನೆರಿಗೆ.

ಒಂದು ನೆರಿಗೆ ಒಂದಿಂಚು ಮುಚ್ಚುತ್ತದೆ. ಅಂದರೆ ಇನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ, ಅದೂ ಯಾವ ಟೈಲರೂ ಕೇಳಿರದಂಥದ್ದು: ಎಂಟೂ ಹುಡುಗಿಯರ ಪೃಷ್ಠದ ಸುತ್ತಳತೆ ಕೂಡಿದರೆ ಎಷ್ಟು?

ಕೂಡಿದಳು. ಇನ್ನೂರ ಎಪ್ಪತ್ತು.

ಇನ್ನೊಮ್ಮೆ ಕೂಡಿದಳು. ಇನ್ನೂರ ಎಪ್ಪತ್ತೇ. ನಾಲ್ಕು ನೆರಿಗೆ ಕಮ್ಮಿ.

ಕೋಲುಗಳು ಹೊಡೆದುಕೊಳ್ಳುತ್ತಲೇ ಇದ್ದವು. ನಾಲ್ಕು ಇಂಚನ್ನು ಯಾರ ಮೈಯಿಂದ ಕಳೆಯುವುದು? ಸಿರಿಯ ಲಂಗದಲ್ಲೇ ನಾಲ್ಕೂ ಕಮ್ಮಿ ಮಾಡಿದರೆ ಅವಳೊಬ್ಬಳ ಮೇಲೆ ಕೆಂಪು ಗೆರೆ ಕಾಣುತ್ತದೆ. ಹಂಚಿದರೆ? ದೊಡ್ಡ ಅಳತೆಯ ನಾಲ್ವರಿಗೆ ಒಂದೊಂದೇ ನೆರಿಗೆ ಕಮ್ಮಿ. ಸಿರಿಯ ಮೂವತ್ತೆಂಟು ಇಂಚನ್ನು ಮೂವತ್ತೇಳು ನೆರಿಗೆ ಮುಚ್ಚಬೇಕು. ಒಂದೇ ಒಂದಿಂಚನ್ನು ಮೂವತ್ತೇಳು ಜನ ಸೇರಿ ಹೊತ್ತ ಹಾಗೆ. ಒಬ್ಬೊಬ್ಬರ ಪಾಲಿಗೆ ಎಷ್ಟು ಬಂದೀತು? ಅವಳು ಚೀಲದಲ್ಲಿದ್ದ ಚೂರು ಬಟ್ಟೆ ತೆಗೆದು, ಅಂಚಿನ ನೂಲನ್ನು ಉಗುರಿನಿಂದ ಬಿಡಿಸಿ ಸ್ಕೇಲಿನ ಪಕ್ಕ ಇಟ್ಟಳು. ಎರಡೆಳೆ. ನೇಯ್ದ ಬಟ್ಟೆಯಲ್ಲಿ ಎರಡೆಳೆ ನೂಲಿನ ಅಗಲ.

ಎರಡೆಳೆ ಕೆಂಪು ಕಣ್ಣಿಗೆ ಕಾಣುತ್ತದೆಯೇ? ಅದು ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಅವಳಿಗೆ ಊಟ ಸೇರುವಂತಿರಲಿಲ್ಲ.

ಎರಡು ದಿನ ಬಿಟ್ಟು ರಂಜಿನಿ ಸ್ಕೂಟರಿನಲ್ಲಿ, ಮೈತ್ರಿಯನ್ನು ಹಿಂದೆ ಕೂರಿಸಿಕೊಂಡು ಭದ್ರಾವತಿಗೆ ಬಂದಳು. ಇಬ್ಬರ ನಡುವೆ ಬಟ್ಟೆಯ ಗಂಟು. ಮಾದರಿ ಲಂಗವನ್ನು ಮೈತ್ರಿ ಬಿಚ್ಚಿ, ನೀರು ಚಿಮುಕಿಸಿ ಇಸ್ತ್ರಿ ಮಾಡಿ, ಅದರ ಒಂದು ತುಂಡಿಗೆ ಮತ್ತೆ ನೆರಿಗೆ ಹಾಕಿದ್ದಳು. ಹದಿನಾಲ್ಕು ನೆರಿಗೆಗಳಲ್ಲಿ ಏಳನ್ನು ಒಂದಕ್ಕೊಂದು ತಾಗಿಸಿ, ಇನ್ನೇಳನ್ನು ಎರಡೆರಡೆಳೆ ಬಿಟ್ಟು.

ಹಾಲಿನ ಉಸ್ತುವಾರಿ ನೋಡಿಕೊಳ್ಳುವ ರಾಮಯ್ಯ ಬಾಗಿಲು ತೆರೆದು ಅಲ್ಲೇ ನಿಂತರು. ಮೈತ್ರಿ ಸಿರಿಯನ್ನು ಕರೆದು ಆ ತುಂಡನ್ನು ಅವಳ ಪಕ್ಕಕ್ಕೆ, ಪೃಷ್ಠದ ಮಟ್ಟಕ್ಕೆ ಸರಿಯಾಗಿ ಪಿನ್ ಮಾಡಿದಳು. "ರಾಮಯ್ಯನವ್ರೇ, ಅಲ್ಲಿಂದ ಹೇಳಿ. ಯಾವ ಬಣ್ಣ?"

"ಹಸ್ರು ಕಣಮ್ಮ."

"ಎಲ್ಲಾ ಹಸಿರೇನಾ? ಈ ಕಡೆ ಅರ್ಧ, ಆ ಕಡೆ ಅರ್ಧ, ಏನಾದ್ರೂ ವ್ಯತ್ಯಾಸ?"

ರಾಮಯ್ಯ ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು. ಸಿರಿಗೆ ನಗು ಬಂತು. "ತಾತ, ಇನ್ನೂ ಹತ್ರ ಬಂದ್ರೆ ನಮ್ಮಮ್ಮನ್ನ ಕರೀತೀನಿ."

"ಏನೂ ಗೊತ್ತಾಗಲ್ಲಮ್ಮ. ಬರೀ ಹಸ್ರು."

"ಸಿರಿ, ತಿರುಗು."

ಸಿರಿ ತಿರುಗಿದಳು. ಒಂದೇ ತುಂಡು, ಅದೂ ಒಂದೇ ಪಕ್ಕಕ್ಕೆ. ಆದರೂ ಅವಳ ಸುತ್ತ ಕೆಂಪು ಎದ್ದು, ಒಂದು ಗಳಿಗೆ ಗಾಳಿಯಲ್ಲಿ ನಿಂತು, ಅವಳು ನಿಂತ ಕೂಡಲೇ ಹಸಿರಿನೊಳಗೆ ಹೊಕ್ಕು ಮುಚ್ಚಿಕೊಂಡಿತು. ಭೂಮಿಕಾ ಬಾಯಿಗೆ ಕೈ ಹಿಡಿದಳು. ಶಿವಪ್ರಸಾದ್ ಮೇಷ್ಟ್ರು ಕೈಯಲ್ಲಿದ್ದ ತಾಳವನ್ನು ಹೊಡೆಯದೆ ಹಾಗೇ ಹಿಡಿದಿದ್ದರು. "ಇನ್ನೊಂದ್ಸಲ" ಎಂದರು.

ಸಿರಿ ಇನ್ನೊಂದು ಸಲ ತಿರುಗಿದಳು. ಯಾರೂ ಕೇಳದಿದ್ದರೂ ಮೂರನೆಯ ಸಲವೂ ತಿರುಗಿದಳು.

ಮೈತ್ರಿ ರಂಜಿನಿಯ ಕಡೆ ನೋಡಿದಳು. "ಆಗುತ್ತಕ್ಕ. ಎಂಟೂ ಆಗುತ್ತೆ. ಹತ್ತೊಂಬತ್ತು ತುಂಡನ್ನೂ ಮೊದಲು ಪಕ್ಕಪಕ್ಕಕ್ಕೆ ಜೋಡಿಸಿಬಿಡ್ತೀನಿ. ಒಂದೇ ಪಟ್ಟಿ. ಆಮೇಲೆ ಒಬ್ಬೊಬ್ಬರಿಗೆ ಎಷ್ಟು ನೆರಿಗೆಯೋ ಅಷ್ಟು ಎಣಿಸಿ, ಕೆಂಪಿನ ನಡುಮಧ್ಯ ಕತ್ತರಿಸ್ತೀನಿ. ಲಂಗ ಸುತ್ತಿ ಮುಚ್ಚೋ ಪಕ್ಕದಲ್ಲಿ ಹೊಲಿಗೆಗೆ ಸ್ವಲ್ಪ ಹೋಗಿ ಒಂದು ನೆರಿಗೆ ಆಳ ಕಮ್ಮಿಯಾಗುತ್ತೆ. ಅದು ಕೈಯಡಿಗೆ ಬರುತ್ತೆ, ಕಾಣಲ್ಲ. ಒಂದು ನೆರಿಗೆನೂ ವೇಸ್ಟ್ ಇಲ್ಲ."

"ಮಿಕ್ಕೋದೆಷ್ಟು?"

"ಏನೂ ಮಿಕ್ಕಲ್ಲ."

"ಅದೇ ನನಗೆ ಭಯ" ಎಂದಳು ರಂಜಿನಿ. ಅವಳು ಕೆಟ್ಟವಳಲ್ಲ. ಇಂಥ ಎಷ್ಟೋ ಆರ್ಡರುಗಳಲ್ಲಿ ಕೊನೆಯ ಗಳಿಗೆಗೆ ಒಂದು ಚೂರು ಬಟ್ಟೆ ಸಾಲದೆ ಪರದಾಡಿದವಳು. "ಜೋಡಿಸುವಾಗ ಒಂದು ಕಡೆ ಒಂದು ನೂಲು ಆಚೀಚೆ ಹೋದ್ರೆ ಮುಂದಿನ ಅಷ್ಟೂ ನೆರಿಗೆ ಸರಿಯುತ್ತೆ. ಎಂಟಕ್ಕೆ ಹೋಗಿ ಎಂಟೂ ಕೆಟ್ರೆ ಮೇಷ್ಟ್ರಿಗೆ ಏನು ಕೊಡೋದು? ಕರಡಿ ತಲೆನಾ?"

"ಒಂದೊಂದು ತುಂಡನ್ನೂ ಪಟ್ಟೆ ನೋಡ್ಕೊಂಡು ಜೋಡಿಸ್ತೀನಿ. ಸರಿದ್ರೂ ಆ ತುಂಡಿಗೇ ನಿಲ್ಲುತ್ತೆ, ಮುಂದಕ್ಕೆ ಹೋಗಲ್ಲ."

"ಕೇಳಿಲ್ಲಿ." ರಂಜಿನಿ ಕಟ್ಟೆಯ ಮೇಲೆ ಕೂತು, ಪಕ್ಕದ ಜಾಗವನ್ನು ತಟ್ಟಿ ಮೈತ್ರಿಯನ್ನೂ ಕೂರಿಸಿಕೊಂಡಳು. "ಆರು ಲಂಗ ಮಾಡೋಣ. ಸಣ್ಣ ಅಳತೆಯ ಆರು ಜನಕ್ಕೆ. ಯೋಕೂ ಬೇಡ, ಎರಡೆಳೆ ಬಿಡೋದೂ ಬೇಡ. ಪೂರ್ತಿ ಮೂರರಷ್ಟು. ಸೊಂಟದ ಹತ್ರ ನೆರಿಗೆ ಒಂದರ ಮೇಲೊಂದು ಸ್ವಲ್ಪ ಹೆಚ್ಚು ಏರಿಸಿ ಹೊಲಿದ್ರೆ ಆಯ್ತು. ಬಟ್ಟೆ ಬೇಕಾದಷ್ಟು ಮಿಗುತ್ತೆ. ಆರು ಅಂದ್ರೆ ಮೂರು ಜೋಡಿ. ಕೋಲಾಟಕ್ಕೆ ಸಾಕಲ್ವಾ ಸರ್?"

ಮೇಷ್ಟ್ರು ತಾಳವನ್ನು ಜೇಬಿಗೆ ಹಾಕಿ, ಹೊರಗೆ ತೆಗೆದು, ಮತ್ತೆ ಹಾಕಿದರು. "ಆರು ಜನ ಇದ್ರೆ ಆಗಲ್ಲ ಅಂತೇನಿಲ್ಲ. ಸಿರಿ, ಭೂಮಿಕಾ ಪಕ್ಕದಲ್ಲಿ ಕೂತು ಹಾಡಿದ್ರೆ..."

"ಸರ್, ನಾನು ಹಾಡಿದ್ರೆ ಜಡ್ಜ್ ಎದ್ದು ಮನೆಗೆ ಹೋಗ್ತಾರೆ" ಎಂದಳು ಸಿರಿ. ನಗುತ್ತಲೇ ಹೇಳಿದಳು. ಆದರೆ ಅವಳ ಕೈ ಪಕ್ಕಕ್ಕೆ ಪಿನ್ ಮಾಡಿದ್ದ ಬಟ್ಟೆಯ ಮೇಲಿತ್ತು, ಅದನ್ನು ಯಾರೋ ಬಿಚ್ಚಿಕೊಂಡು ಹೋಗುತ್ತಾರೇನೋ ಎಂಬಂತೆ.

ಭೂಮಿಕಾ ಬಂದು ಅವಳ ಪಕ್ಕದಲ್ಲಿ ನಿಂತಳು.

"ನೋಡು ಮೈತ್ರಿ" ರಂಜಿನಿ ದನಿ ತಗ್ಗಿಸಿದಳು. "ಆರು ಕತ್ತರಿಸಿ ಕೊಡು, ಸಾಕು. ಭೀಮೇಶ್ ಹೋಗೋವರೆಗೂ ಕಾಯೋದು ಬೇಡ. ನಾಳೆಯಿಂದ್ಲೇ ಟೇಬಲ್ ನಿಂದು. ಅವನಿಗೆ ನಾನು ಹೇಳ್ತೀನಿ. ಹೊರಗಡೆ ಬೋರ್ಡಿನಲ್ಲಿ ಮಾಸ್ಟರ್ ಅಂತ ನಿನ್ನ ಹೆಸರು ಬರೆಸ್ತೀನಿ. ಕೋಟೆಯಲ್ಲಿ ಹೆಂಗಸು ಮಾಸ್ಟರ್ ಯಾರಿದ್ದಾರೆ ಹೇಳು?"

ಕಿಟಕಿಯ ಪಕ್ಕದ ಟೇಬಲ್. ಅದರ ಮೇಲಿನ ಬೆಳಕು ಮಧ್ಯಾಹ್ನದ ಹೊತ್ತಿಗೆ ಹೇಗಿರುತ್ತದೆಂದು ಮೈತ್ರಿಗೆ ಗೊತ್ತಿತ್ತು. ಇಂಚಿನ ಗೆರೆ ಅಳಿಸಿಹೋದ ಅದರ ಅಂಚು, ಸೀಮೆಸುಣ್ಣದ ಡಬ್ಬಿ, ದೊಡ್ಡ ಕತ್ತರಿಯ ತೂಕ. ಆರು ಲಂಗ ಕತ್ತರಿಸುವುದೇನು ಮಹಾ. ಕಣ್ಣು ಮುಚ್ಚಿಕೊಂಡು ಕತ್ತರಿಸಬಹುದಿತ್ತು. ಅದೇ ಅವಳಿಗೆ ಸಪ್ಪೆ ಎನ್ನಿಸಿತು. ಬಟ್ಟೆ ಧಾರಾಳವಾಗಿದ್ದರೆ ಯಾರು ಬೇಕಾದರೂ ಮುಚ್ಚುತ್ತಾರೆ. ಇನ್ನೂರ ಅರವತ್ತಾರು ನೆರಿಗೆ ಇನ್ನೂರ ಎಪ್ಪತ್ತು ಇಂಚನ್ನು ಹೊತ್ತುಕೊಂಡು, ಹೊತ್ತಿರುವುದು ಯಾರಿಗೂ ತಿಳಿಯದ ಹಾಗೆ ನಿಂತಾಗ ಹೇಗಿರುತ್ತದೆಂದು ಅವಳಿಗೆ ನೋಡಬೇಕಿತ್ತು. ಈಗ ನೋಡದಿದ್ದರೆ ಇನ್ನೆಂದೂ ನೋಡುವಂತಿರಲಿಲ್ಲ, ಆ ಮಗ್ಗದಲ್ಲಿ ಈಗ ಬೇರೆ ಬಟ್ಟೆ. ಮತ್ತೆ ಆ ಎಂಟರಲ್ಲಿ ನಿಜವಾಗಿ ತಿರುಗಲು ಬರುತ್ತಿದ್ದವಳು ಮೂವತ್ತೆಂಟು ಇಂಚಿನವಳು. ಅವಳನ್ನು ಪಕ್ಕಕ್ಕೆ ಕೂರಿಸಿ ಕೆಂಪು ಬಣ್ಣವನ್ನು ಯಾರ ಕೈಯಲ್ಲಿ ಬಿಚ್ಚಿಸುವುದು?

"ಏನ್ ಯೋಚ್ನೆ ಮಾಡ್ತಿದ್ದೀಯ? ಇಷ್ಟು ದಿನ ಅದಕ್ಕೇ ಅಲ್ವಾ ಕಾಯ್ತಿದ್ದಿದ್ದು?"

"ಹೌದಕ್ಕ, ಅದಕ್ಕೇ."

"ಮತ್ತೆ? ಆರು ಮಾಡ್ತೀಯಲ್ಲ? ಹೂಂ ಅನ್ನು, ಇಲ್ಲೇ ಮೇಷ್ಟ್ರ ಎದುರಿಗೇ ಮಾತು ಮುಗಿಸಿಬಿಡ್ತೀನಿ."

ಮೈತ್ರಿ ಎದ್ದು, ಸಿರಿಯ ಪಕ್ಕದಲ್ಲಿ ಸ್ವಲ್ಪ ಜಾರಿದ್ದ ಬಟ್ಟೆಯನ್ನು ಮೇಲಕ್ಕೆತ್ತಿ ಪಿನ್ನನ್ನು ಬಿಗಿಯಾಗಿ ಚುಚ್ಚಿದಳು.

"ಇಲ್ಲಕ್ಕ" ಎಂದಳು. "ಆರು ನಾನು ಕತ್ತರಿಸಲ್ಲ."